ಬಾಡಿಗೆ ದರ ಕಟ್ಟುವ ಕ್ರಮ ಬದಲಾಗುತ್ತಿದೆ: ದಿನಕ್ಕೊಂದು ದರ, ಕಿಲೋಮೀಟರಿಗೊಂದು ದರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ಲಾರಿಗಳಿಗೆ ಬಾಡಿಗೆ ಹೇಳುವ ಕ್ರಮ ಬದಲಾಗುತ್ತದೆ. ಇಲ್ಲಿವರೆಗೆ ಲೋಡು ಹೊತ್ತು ಓಡಿದ ಪ್ರತಿ ಕಿಲೋಮೀಟರಿಗೆ ಒಂದೇ ದರ ಇತ್ತು. 60 ಕಿ.ಮೀ. ಆದರೂ ಅದೇ, 300 ಆದರೂ ಅದೇ. ಇನ್ನು ಮುಂದೆ ಬಾಡಿಗೆಯಲ್ಲಿ ಎರಡು ಭಾಗ ಇರುತ್ತದೆ. ಲಾರಿ ನಿಮ್ಮ ಕೆಲಸಕ್ಕೆ ಕೊಟ್ಟ ದಿನಗಳಿಗೆ ಒಂದು ದರ, ಹೋಗಿ ಬಂದ ಒಟ್ಟು ಕಿಲೋಮೀಟರಿಗೆ ಇನ್ನೊಂದು ದರ. ಇದರಿಂದ ದೂರಕ್ಕೆ ಲೋಡು ಕಳಿಸುವವರಿಗೆ ಬಾಡಿಗೆ ಸ್ವಲ್ಪ ಇಳಿಯುತ್ತದೆ. ಹತ್ತಿರದ ಲೋಡಿನವರಿಗೆ ಏರುತ್ತದೆ, ಕೆಲವರಿಗೆ ಜಾಸ್ತಿಯೇ ಏರುತ್ತದೆ. ಸುಮ್ನೆ ಹೊಸ ದರಪಟ್ಟಿ ಕಳಿಸುವ ಬದಲು, ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಬೆಲೆಗಳು ದಿನಕ್ಕೊಂದು ಥರ ಇರುವುದರಿಂದ ಈ ಪತ್ರದಲ್ಲಿ ಡೀಸೆಲ್ ಲೀಟರಿಗೆ 100 ಎಂದು ಹಿಡಿದಿದ್ದೇವೆ. ಉಳಿದವೂ ಲೆಕ್ಕ ಸುಲಭವಾಗಲಿ ಎಂದು ಇಟ್ಟ ದುಂಡು ಸಂಖ್ಯೆಗಳು. ನಿಮ್ಮ ಕೊಟೇಶನ್ನಿನಲ್ಲಿ ಆ ದಿನದ ನಿಜವಾದ ಬೆಲೆಗಳೇ ಇರುತ್ತವೆ. ಉದಾಹರಣೆಗೆ 10 ಟನ್ ಹೊರುವ, ಆರು ಚಕ್ರದ ಒಂದು ಲಾರಿಯನ್ನು ತೆಗೆದುಕೊಳ್ಳೋಣ.

ಮೊದಲು ಓಡಿದರೆ ಮಾತ್ರ ಬರುವ ಖರ್ಚು. ಇದರಲ್ಲಿ ಡೀಸೆಲ್ಲಿನದೇ ದೊಡ್ಡ ಪಾಲು. ಈ ಲಾರಿ ಲೋಡು ಇದ್ದಾಗ ಲೀಟರಿಗೆ 4 ಕಿ.ಮೀ., ಖಾಲಿ ಇದ್ದಾಗ 6 ಕಿ.ಮೀ. ಕೊಡುತ್ತದೆ ಎನ್ನಿ. ಹಾಗಾದರೆ ಸರಾಸರಿ 5 ಅಲ್ವಾ ಎಂದು ಕೇಳುತ್ತೀರಿ. ಅಲ್ಲ. 60 ಕಿ.ಮೀ. ಲೋಡು ಹೊತ್ತು ಹೋಗಲು 15 ಲೀಟರ್ ಬೇಕು, ಖಾಲಿ ಬರಲು 10 ಲೀಟರ್. 120 ಕಿ.ಮೀ.ಗೆ 25 ಲೀಟರ್, ಅಂದರೆ ಲೀಟರಿಗೆ 4.8. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ, ಆದರೆ ತಿಂಗಳಿಗೆ 6,000 ಕಿ.ಮೀ. ಓಡುವ ಲಾರಿಗೆ ಅದು 50 ಲೀಟರ್. ಅದಕ್ಕೇ ಮೈಲೇಜನ್ನು ನಾವು ಡ್ರೈವರನ್ನು ಕೇಳಿ ಬರೆದುಕೊಳ್ಳುವುದಿಲ್ಲ, ಲಾರಿ ಕಂಪನಿಯ ಪುಸ್ತಕದಿಂದಲೂ ಎತ್ತಿಕೊಳ್ಳುವುದಿಲ್ಲ. ಟ್ಯಾಂಕು ತುಂಬಿಸಿ ಮೀಟರ್ ಬರೆದುಕೊಂಡು, ಮತ್ತೆ ಟ್ಯಾಂಕು ತುಂಬಿಸಿದಾಗ ಹಿಡಿದ ಲೀಟರಿನಿಂದ ಭಾಗಿಸುತ್ತೇವೆ. ಒಂದು ಸಲದ ಅಳತೆ ಮೋಸ ಮಾಡುತ್ತದೆ, ಹಲವು ಸಲ ತುಂಬಿಸಿದ ಮೇಲೆ ಸಿಗುವ ಸರಾಸರಿ ನಿಲ್ಲುತ್ತದೆ. ಘಾಟಿಯ ರಸ್ತೆ ಇದ್ದರೆ ಆ ದಾರಿಗೇ ಬೇರೆ ಮೈಲೇಜು ಇಡುತ್ತೇವೆ.

ಹೀಗೆ ಡೀಸೆಲ್ಲಿಗೆ ಕಿಲೋಮೀಟರಿಗೆ 20.8. ಆರು ಟಯರಿಗೆ 1,20,000 ಆಗಿ, ಅವು 60,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 2. ಆಯಿಲ್, ಫಿಲ್ಟರ್, ಬ್ರೇಕ್ ಲೈನರ್, ಕ್ಲಚ್, ಪಟ್ಟಿ ಇವಕ್ಕೆಲ್ಲ 2.2. ಹೊಗೆ ಶುದ್ಧ ಮಾಡಲು ಹಾಕುವ ದ್ರವಕ್ಕೆ 1. ಎಲ್ಲ ಸೇರಿ 26. ರಿಪೇರಿಯ ಬಾಬ್ತನ್ನು ಒಂದು ತಿಂಗಳ ಬಿಲ್ಲು ನೋಡಿ ಹಾಕಲಾಗದು. ಒಂದು ತಿಂಗಳು ಏನೂ ಇರುವುದಿಲ್ಲ, ಮುಂದಿನ ತಿಂಗಳು ಕ್ಲಚ್ಚೇ ಹೋಗುತ್ತದೆ. ವರ್ಷದ್ದು ಕೂಡಿಸಿ ವರ್ಷದ ಕಿಲೋಮೀಟರಿನಿಂದ ಭಾಗಿಸಬೇಕು. ಟೋಲ್ ಇದರಲ್ಲಿ ಇಲ್ಲ. ಅದು ದಾರಿಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ರಸೀದಿ ಸಮೇತ ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರುತ್ತದೆ.

ಇನ್ನೊಂದು ಬಗೆಯ ಖರ್ಚು ಲಾರಿ ನಿಂತಿದ್ದರೂ ಬರುತ್ತದೆ. ಹಳೆ ದರದಲ್ಲಿ ಮುಚ್ಚಿಹೋಗುತ್ತಿದ್ದುದು ಇದೇ. ಲಾರಿಯ ಬೆಲೆ 25,00,000. ಇದರಲ್ಲಿ ಟಯರಿನ 1,20,000 ಕಳೆಯಬೇಕು, ಯಾಕೆಂದರೆ ಟಯರನ್ನು ಆಗಲೇ ಕಿಲೋಮೀಟರಿಗೆ ಹಾಕಿಯಾಗಿದೆ. ಕಳೆಯದಿದ್ದರೆ ಒಂದೇ ಟಯರಿಗೆ ನಿಮ್ಮಿಂದ ಎರಡು ಸಲ ದುಡ್ಡು ತೆಗೆದುಕೊಂಡ ಹಾಗೆ. 8 ವರ್ಷ ಓಡಿಸಿ 7,00,000ಕ್ಕೆ ಮಾರಿದರೆ ಸವೆದದ್ದು 16,80,000. ಅದನ್ನು 96 ತಿಂಗಳಿಗೆ ಹಂಚಿದರೆ ತಿಂಗಳಿಗೆ 17,500. ಹೂಡಿದ ದುಡ್ಡಿನ ಬಡ್ಡಿಗೆ, ಮೊದಲ ಬೆಲೆ ಮತ್ತು ಮಾರುವ ಬೆಲೆಯ ಸರಾಸರಿ 16,00,000ಕ್ಕೆ ವರ್ಷಕ್ಕೆ ನೂರಕ್ಕೆ 10ರಂತೆ ಹಿಡಿದರೆ ತಿಂಗಳಿಗೆ ಸುಮಾರು 13,300. ಬ್ಯಾಂಕಿನ ಕಂತನ್ನೇ ಖರ್ಚು ಎಂದು ಹಾಕುವವರಿದ್ದಾರೆ. ನಮಗೆ ಅದು ಸರಿ ಕಾಣಲಿಲ್ಲ. ಕಂತು ತೀರಿದ ಲಾರಿಯೂ ಸವೆಯುತ್ತದೆ. ಆಗ ದರ ಇಳಿಸಿಬಿಟ್ಟರೆ ಮುಂದಿನ ಲಾರಿ ಕೊಳ್ಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ವಿಮೆ, ತೆರಿಗೆ, ಪರವಾನಗಿಗೆ 9,000. ಡ್ರೈವರ್ ಮತ್ತು ಕ್ಲೀನರ್ ಸಂಬಳ, ಭತ್ಯೆ 35,000. ಆಫೀಸು, ಲಾರಿ ನಿಲ್ಲಿಸುವ ಜಾಗ ಇತ್ಯಾದಿ 5,200. ಒಟ್ಟು ತಿಂಗಳಿಗೆ 80,000. ತಿಂಗಳಲ್ಲಿ 30 ದಿನ ಇದ್ದರೂ ರಜೆ, ಸರ್ವಿಸು, ಲೋಡು ಸಿಗದ ದಿನ ಎಲ್ಲ ಕಳೆದು ಲಾರಿ ದುಡಿಯುವುದು 20 ದಿನ. ಹಾಗಾಗಿ ದುಡಿದ ಒಂದು ದಿನದ ಮೇಲೆ 4,000 ಬೀಳುತ್ತದೆ. 30ರಿಂದ ಭಾಗಿಸಿ ದರ ಹೇಳಿದರೆ ಕೊಟೇಶನ್ ಅಗ್ಗವಾಗಿ ಕಾಣುತ್ತದೆ, ಆದರೆ ಉಳಿದ 10 ದಿನದ ಖರ್ಚಿಗೆ ದಿಕ್ಕಿಲ್ಲ.

ಈಗ ಎರಡು ಲೋಡು ನೋಡೋಣ. ಒಂದು 60 ಕಿ.ಮೀ. ದೂರದ್ದು. ಹೋಗಿ ಬರಲು 120 ಕಿ.ಮೀ., ಗಂಟೆಗೆ 40ರಂತೆ ಓಡಿದರೂ ಮೂರೇ ಗಂಟೆಯ ಕೆಲಸ. ಆದರೆ ತುಂಬಲು ಸಾಲಿನಲ್ಲಿ ಕಾದು, ಇಳಿಸಲು ಮತ್ತೆ ಕಾದು, ಇಡೀ ದಿನ ಮುಗಿಯುತ್ತದೆ. ದಿನಕ್ಕೆ 4,000, 120 ಕಿ.ಮೀ.ಗೆ 26ರಂತೆ 3,120, ಒಟ್ಟು 7,120. ಲೋಡು ಹೊತ್ತ 60 ಕಿ.ಮೀ.ಗೆ ಹಂಚಿದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 119. ಇನ್ನೊಂದು 300 ಕಿ.ಮೀ. ದೂರದ್ದು. ಹೋಗಿ ಬರಲು 600 ಕಿ.ಮೀ., ಎರಡು ದಿನ. 8,000ಕ್ಕೆ 15,600 ಕೂಡಿಸಿದರೆ 23,600. ಲೋಡು ಹೊತ್ತ ಕಿಲೋಮೀಟರಿಗೆ 79 ಕೂಡ ಬರುವುದಿಲ್ಲ. ಲಾರಿ ಅದೇ, ಡ್ರೈವರ್ ಅದೇ, ಡೀಸೆಲ್ ಅದೇ.

ಒಂದೇ ದರ ಇದ್ದಾಗ, ಉದಾಹರಣೆಗೆ ಲೋಡು ಹೊತ್ತ ಕಿಲೋಮೀಟರಿಗೆ 90 ಎಂದಿದ್ದರೆ, ಹತ್ತಿರದ ಲೋಡಿಗೆ 5,400 ಬಂದು 1,720 ಕೈ ಬಿಡುತ್ತದೆ. ದೂರದ ಲೋಡಿಗೆ 27,000 ಬಂದು 3,400 ಉಳಿಯುತ್ತದೆ. ಹತ್ತಿರದವರ ಕಾಯುವ ಸಮಯಕ್ಕೆ ದೂರದವರು ದುಡ್ಡು ಕೊಟ್ಟ ಹಾಗಾಯಿತು. ಇದು ಬಹಳ ದಿನ ನಡೆಯುವುದೂ ಇಲ್ಲ. ದೂರದ ಲೋಡಿನವರು ಕಡಿಮೆ ದರ ಹೇಳುವವರ ಹತ್ತಿರ ಹೋಗುತ್ತಾರೆ, ನಮ್ಮಲ್ಲಿ ನಷ್ಟದ ಲೋಡುಗಳೇ ಉಳಿಯುತ್ತವೆ. ಲಾರಿ ದಿನವೂ ಓಡುತ್ತಿದ್ದರೂ ತಿಂಗಳ ಕೊನೆಗೆ ಖಾತೆಯಲ್ಲಿ ದುಡ್ಡು ಇಲ್ಲ ಎಂದರೆ ಮೊದಲು ನೋಡಬೇಕಾದದ್ದು ಇಲ್ಲೇ.

ಹೊಸ ಕ್ರಮದಲ್ಲಿ ಎರಡೂ ಖರ್ಚಿನ ಮೇಲೆ ನೂರಕ್ಕೆ 10 ಲಾಭ ಸೇರಿಸುತ್ತೇವೆ. ದೂರದ ಲೋಡು 27,000 ಇದ್ದದ್ದು 25,960 ಆಗುತ್ತದೆ. ಹತ್ತಿರದ್ದು 5,400 ಇದ್ದದ್ದು 7,832 ಆಗುತ್ತದೆ. ಇದು ಸಣ್ಣ ಏರಿಕೆ ಅಲ್ಲ, ನಮಗೂ ಗೊತ್ತು.

ಆದರೆ ಹತ್ತಿರದ ಲೋಡಿನವರ ಕೈಯಲ್ಲೇ ಒಂದು ದಾರಿ ಇದೆ. ನಿಮ್ಮ ಕಡೆ ಒಂದು ಗಂಟೆಯಲ್ಲಿ ತುಂಬಿಸಿ, ಆ ಕಡೆ ಒಂದು ಗಂಟೆಯಲ್ಲಿ ಇಳಿಸಿಕೊಂಡರೆ ಒಂದು ಟ್ರಿಪ್ಪಿಗೆ ಐದು ಗಂಟೆ. ಹತ್ತು ಗಂಟೆಯ ದಿನದಲ್ಲಿ ಎರಡು ಟ್ರಿಪ್ಪು. ಆಗ ಒಂದು ಟ್ರಿಪ್ಪಿನ ಮೇಲೆ ದಿನದ ಖರ್ಚು 2,000 ಮಾತ್ರ. ಓಟದ 3,120 ಸೇರಿ 5,120, ಲಾಭ ಸೇರಿ 5,632. ಹಳೆ ದರದ ಹತ್ತಿರಕ್ಕೇ ಬಂತು. ಅದಕ್ಕಾಗಿ ಅರ್ಧ ದಿನದ ದರವನ್ನೂ ಇಟ್ಟಿದ್ದೇವೆ. ಗೇಟಿಗೆ ಲಾರಿ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆದು ನಿಮ್ಮವರಿಂದ ಸಹಿ ಮಾಡಿಸಿಕೊಳ್ಳುತ್ತೇವೆ. ಐದು ಗಂಟೆಯಲ್ಲಿ ಮುಗಿದರೆ ಅರ್ಧ ದಿನ, ದಾಟಿದರೆ ಪೂರ್ತಿ ದಿನ. ನಮ್ಮ ಲಾರಿ ದಾರಿಯಲ್ಲಿ ಕೆಟ್ಟು ತಡವಾದರೆ ಆ ಸಮಯ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಖಾಲಿ ಬರುವ ಓಟಕ್ಕೆ ನಾವೇಕೆ ದುಡ್ಡು ಕೊಡಬೇಕು ಎನ್ನುವುದು ಹಲವರ ಪ್ರಶ್ನೆ. ರಿಟರ್ನ್ ಲೋಡು ಸಿಗುತ್ತದೆ ಎಂದು ಮೊದಲೇ ನಂಬಿ ದರ ಇಳಿಸಿದರೆ, ಸಿಗದ ದಿನ ಆ ಖರ್ಚು ನಮ್ಮ ಮೇಲೆ ಬೀಳುತ್ತದೆ. ಹಾಗಾಗಿ ಖಾಲಿ ಬರುತ್ತದೆ ಎಂದೇ ಲೆಕ್ಕ ಹಾಕುತ್ತೇವೆ. ಸಿಕ್ಕಿದರೆ ಉಳಿದದ್ದನ್ನು ಹಂಚಿಕೊಳ್ಳುತ್ತೇವೆ. ಆ 300 ಕಿ.ಮೀ. ದಾರಿಯಲ್ಲಿ ಬರುವಾಗ 12,500ಕ್ಕೆ ಲೋಡು ಸಿಕ್ಕಿತು ಎನ್ನಿ. ಖಾಲಿ ಬಂದಿದ್ದರೆ 50 ಲೀಟರ್ ಸಾಕಿತ್ತು, ಈಗ 75 ಬೇಕು. ಅದಕ್ಕೆ 2,500. ತುಂಬಿ ಇಳಿಸಲು ಅರ್ಧ ದಿನ ಹೆಚ್ಚು, ಅದಕ್ಕೆ 2,000. ಇವು ಕಳೆದು ಉಳಿದ 8,000ದಲ್ಲಿ ಅರ್ಧ, ಅಂದರೆ 4,000, ನಿಮ್ಮ ಬಿಲ್ಲಿನಿಂದ ಕಡಿತವಾಗುತ್ತದೆ.

ಡೀಸೆಲ್ ಬೆಲೆ ಬದಲಾದಾಗ ಹೊಸ ಕೊಟೇಶನ್ ಬೇಕಿಲ್ಲ. ಡೀಸೆಲ್ 100ರಿಂದ 105ಕ್ಕೆ ಹೋದರೆ ಬಾಡಿಗೆಯನ್ನೂ ನೂರಕ್ಕೆ 5 ಏರಿಸಿಬಿಡುವುದು ರೂಢಿ. ಅದು ಸರಿಯಲ್ಲ, ಬಾಡಿಗೆಯೆಲ್ಲ ಡೀಸೆಲ್ ಅಲ್ಲವಲ್ಲ. ಹೆಚ್ಚಾದ 5ನ್ನು 4.8ರಿಂದ ಭಾಗಿಸಿದರೆ ಕಿಲೋಮೀಟರಿಗೆ 1.04. ಹತ್ತಿರದ ಲೋಡಿಗೆ 125, ದೂರದ್ದಕ್ಕೆ 625 ಮಾತ್ರ ಸೇರುತ್ತದೆ, ಅದರ ಮೇಲೆ ಲಾಭ ಹಾಕುವುದಿಲ್ಲ. ಬೆಲೆ ಇಳಿದರೆ ಇದೇ ಲೆಕ್ಕದಲ್ಲಿ ಇಳಿಸುತ್ತೇವೆ. ನೂರಕ್ಕೆ 2ರೊಳಗಿನ ಏರಿಳಿತಕ್ಕೆ ಏನೂ ಬದಲಾಗುವುದಿಲ್ಲ.

ಟನ್ನಿಗೆ ದರ ಕೇಳುವವರಿಗೆ ಒಂದು ಮಾತು. ಹತ್ತಿರದ ಲೋಡು 10 ಟನ್ ತುಂಬಿದ್ದರೆ ಟನ್ನಿಗೆ 783. 6 ಟನ್ ಮಾತ್ರ ಇದ್ದರೆ ಡೀಸೆಲ್ ಸ್ವಲ್ಪ ಉಳಿಯುತ್ತದೆ, ಬೇರೆ ಯಾವ ಖರ್ಚೂ ಇಳಿಯುವುದಿಲ್ಲ. ಟನ್ನಿನ ಲೆಕ್ಕದಲ್ಲಿ ಅದು 1,300ರ ಆಸುಪಾಸಿಗೆ ಹೋಗುತ್ತದೆ. ಹತ್ತಿ, ಖಾಲಿ ಡಬ್ಬಿಗಳಂಥ ಹಗುರ ಸರಕಿಗೆ ಲಾರಿ ತೂಕದಿಂದ ತುಂಬುವ ಮೊದಲು ಜಾಗದಿಂದ ತುಂಬುತ್ತದೆ, ಅದಕ್ಕೆ ಇಡೀ ಲಾರಿಯ ದರವೇ. ತೂಕ ಮೀರಿ ತುಂಬಿ ಟನ್ನಿನ ದರ ಇಳಿಸುವ ಕೋರಿಕೆಯನ್ನು ಒಪ್ಪುವುದಿಲ್ಲ.

ಹೊಸ ದರಕ್ಕೆ ಬರೆಯುವಾಗ ಸರಕು, ತೂಕ, ಎರಡೂ ಕಡೆಯ ವಿಳಾಸದ ಜೊತೆ ತುಂಬುವ ಮತ್ತು ಇಳಿಸುವ ಸಮಯ ಎಷ್ಟು ಹಿಡಿಯುತ್ತದೆ ಎಂದೂ ತಿಳಿಸಿ. ಈಗಾಗಲೇ ಒಪ್ಪಿಕೊಂಡ ಲೋಡುಗಳು ಹಳೆ ದರದಲ್ಲೇ ಹೋಗುತ್ತವೆ. ನಿಮ್ಮ ದಾರಿಯ ಲೆಕ್ಕದ ಹಾಳೆ ನೋಡಬೇಕೆಂದರೆ ಕೇಳಿ, ಕೊಟೇಶನ್ ಜೊತೆಗೇ ಕಳಿಸುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಲಾರಿ ಮಾಲೀಕರ ಸಹಕಾರ ಸಂಘ