ಒಂಬತ್ತು ನಲವತ್ತರ ಆಟೊ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ಹಾಸ್ಯ ಸಂಭಾಷಣೆಯನ್ನು ಎರಡು ಬಾರಿ ಓದಿದೆ. ಗಾಂಧಿ ಬಜಾರಿನಲ್ಲಿ ನಿಂತ ಪ್ರಯಾಣಿಕರೊಬ್ಬರು ಮೆಜೆಸ್ಟಿಕ್ಕಿಗೆ ಹೋಗಲು ಆಟೊ ಚಾಲಕರೊಡನೆ ಚೌಕಾಸಿ ಮಾಡುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ಸ್ನೇಹದಿಂದಲೇ ಹಂಗಿಸುತ್ತಾರೆ. ಬೈಗುಳಗಳು ಒಂದೊಂದಾಗಿ ಚೆನ್ನಾಗಿಯೇ ಇವೆ, ಆದರೆ ಚಾಲಕರು ಮೊದಲ ಸಾಲಿನಲ್ಲಿ ಕೇಳಿದ ನೂರೈವತ್ತು ರೂಪಾಯಿ ಕೊನೆಯ ಸಾಲಿನವರೆಗೂ ನೂರೈವತ್ತಾಗಿಯೇ ಉಳಿದು, ಆಮೇಲೆ ಯಾವ ಕಾರಣವೂ ಇಲ್ಲದೆ ನೂರಕ್ಕೆ ಇಳಿದುಬಿಡುತ್ತದೆ. ನಡುವಿನ ಮಾತುಗಳನ್ನು ಹಿಂದುಮುಂದು ಮಾಡಿ ಜೋಡಿಸಿದರೂ ಏನೂ ಕೆಡುವುದಿಲ್ಲ. ಚೌಕಾಸಿಯ ಸಂಭಾಷಣೆಯಲ್ಲಿ ಅದೇ ದೊಡ್ಡ ದೋಷ.

ಮೊದಲು ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಎಂದು ದರ ನಿಗದಿಯಾಗಿದೆ. ಗಾಂಧಿ ಬಜಾರಿನಿಂದ ಮೆಜೆಸ್ಟಿಕ್ಕಿಗೆ ಹೆಚ್ಚುಕಡಿಮೆ 5 ಕಿಲೋಮೀಟರ್ ಎಂದಿಟ್ಟುಕೊಂಡರೆ ಮೀಟರ್ ತೋರಿಸುವುದು 90 ರೂಪಾಯಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು, ಅಂದರೆ 135. ಈ ಎರಡು ಅಂಕಿಗಳು ಬರೆಯುವವರ ತಲೆಯಲ್ಲಿ ಖಚಿತವಾಗಿರಬೇಕು, ಏಕೆಂದರೆ ಓದುಗರಲ್ಲಿ ಹಲವರು ಅದೇ ದಾರಿಯಲ್ಲಿ ಹಣ ಕೊಟ್ಟು ಹೋದವರು, ಯಾರು ಎಷ್ಟು ಸುಳ್ಳು ಹೇಳುತ್ತಿದ್ದಾರೆಂದು ಅವರು ಒಡನೆಯೇ ಅಳೆಯುತ್ತಾರೆ. ಚಾಲಕರು ನಾನೂರು ಕೇಳಿದರೆ ಅದು ನಗೆಯಾಗದೆ ಸುಲಿಗೆಯಾಗುತ್ತದೆ; ನೂರೈವತ್ತು ಕೇಳಿದರೆ ಆಟ ಶುರುವಾಗುತ್ತದೆ. ಹಾಗೆಯೇ ಪ್ರಯಾಣಿಕರೂ ಮೀಟರಿಗಿಂತ ಹತ್ತು ಕಡಿಮೆ, ಎಂಬತ್ತು, ಎನ್ನಲಿ. ಇಬ್ಬರೂ ಸ್ವಲ್ಪ ಸ್ವಲ್ಪ ತಪ್ಪಿತಸ್ಥರಾದಾಗ ಮಾತ್ರ ಓದುಗರು ಯಾರ ಪಕ್ಷವನ್ನೂ ವಹಿಸದೆ ಇಬ್ಬರನ್ನೂ ನೋಡಿ ನಗಬಲ್ಲರು.

ನೀವು ‘ಒಂದು ಸಂಜೆ’ ಎಂದು ಬರೆದಿದ್ದೀರಿ. ಅದನ್ನು ರಾತ್ರಿ ಒಂಬತ್ತು ನಲವತ್ತು ಮಾಡಿ. ಆಗ ನೋಡಿ, ಇಡೀ ಸಂಭಾಷಣೆಗೆ ಒಂದು ಒತ್ತಡ ಬರುತ್ತದೆ: ಹತ್ತು ಗಂಟೆಯಾಗಲು ಇಪ್ಪತ್ತು ನಿಮಿಷವಿದೆ, ಆದ್ದರಿಂದ ಮಾತು ಬೆಳೆದಷ್ಟೂ ಚಾಲಕರಿಗೆ ಲಾಭ, ಪ್ರಯಾಣಿಕರಿಗೆ ನಷ್ಟ. ಬೈಗುಳಕ್ಕೆ ಬೈಗುಳ ಹೇಳುವ ಆಸೆಯನ್ನು ಪ್ರಯಾಣಿಕರು ತಡೆದುಕೊಳ್ಳಲಾರರು, ಹೇಳಿದಷ್ಟೂ ಹೊತ್ತು ಹೋಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಮೆಜೆಸ್ಟಿಕ್ ಬರ್ತೀರಾ?”

“ನೂರೈವತ್ತು ಕೊಡಿ ಸಾರ್.”

“ಆಟೊ ಕೊಂಡ್ಕೊಳ್ತೀನಿ ಅನ್ಲಿಲ್ಲ ನಾನು. ಕೂತ್ಕೊಂಡು ಹೋಗ್ತೀನಿ ಅಂದೆ.”

“ಕೊಂಡ್ಕೊಳ್ಳೋ ಗಿರಾಕಿ ಆಗಿದ್ರೆ ನಾನೇ ಇಳಿದು ಬಾಗಿಲು ತೆಗೀತಿದ್ದೆ.”

“ಇದಕ್ಕೆ ಬಾಗಿಲೆಲ್ಲಿದೆ?”

“ನೂರೈವತ್ತು ಕೊಡಿ, ಹಾಕಿಸ್ತೀನಿ.”

“ಎಂಬತ್ತು ಕೊಡ್ತೀನಿ.”

“ಎಂಬತ್ತಕ್ಕೆ ನಿಮ್ಮ ಬ್ಯಾಗು ಹೋಗುತ್ತೆ. ನೀವು ಹಿಂದೆ ಓಡಿ ಬನ್ನಿ.”

“ನಿಮ್ಮ ಗಾಡಿ ಹಿಂದೆ ಓಡೋದು ಯಾಕೆ, ನಡೆದ್ರೆ ಸಾಕು.”

“ವಾಪಸ್ ಖಾಲಿ ಬರ್ಬೇಕು ಸಾರ್. ನೂರಾಮೂವತ್ತು ಮಾಡಿ.”

“ಮೆಜೆಸ್ಟಿಕ್ಕಿಂದ ಖಾಲಿ ಬರೋ ಆಟೊ ಬೆಂಗಳೂರಲ್ಲಿ ಇದೊಂದೇ ಇರ್ಬೇಕು. ಇದನ್ನ ನೋಡಿ ಜನ ಬಸ್ಸೇ ವಾಸಿ ಅಂತಾರೇನೋ. ಮೀಟರ್ ಹಾಕಿ, ತೊಂಬತ್ತಾಗುತ್ತೆ.”

“ಹತ್ತಾದ್ಮೇಲೆ ಒಂದೂವರೆ ಸಾರ್.”

“ಈಗಿನ್ನೂ ಒಂಬತ್ತು ನಲವತ್ತು.”

“ನಿಮ್ಮ ಚೌಕಾಸಿ ಮುಗಿಯೋ ಹೊತ್ತಿಗೆ ಹತ್ತಾಗುತ್ತೆ. ನನಗೇನೂ ಅವಸರ ಇಲ್ಲ.”

ನಿಮ್ಮ ಕರಡಿನಲ್ಲಿಯೂ ‘ವಾಪಸ್ ಖಾಲಿ ಬರಬೇಕು’ ಎಂಬ ಮಾತಿದೆ, ಆದರೆ ಪ್ರಯಾಣಿಕರು ಅದನ್ನು ಕೇಳಿಸಿಕೊಳ್ಳದವರಂತೆ ಮುಂದಿನ ಬೈಗುಳಕ್ಕೆ ಹೋಗಿಬಿಡುತ್ತಾರೆ. ಊರಿನ ಹೊರವಲಯದ ಬಡಾವಣೆಗೆ ಹೋಗುವಾಗ ಆ ಮಾತು ನಿಜವಾಗಿರಬಹುದು. ಹಗಲು ರಾತ್ರಿ ಬಸ್ಸು ರೈಲುಗಳಿಂದ ಜನ ಇಳಿಯುವ ಮೆಜೆಸ್ಟಿಕ್ಕಿಗೆ ಹೋಗುವಾಗ ಅದು ಬಯಲು ಸುಳ್ಳು. ಹೇಳಿದವರಿಗೆ, ಕೇಳಿದವರಿಗೆ, ಓದುವವರಿಗೆ ಎಲ್ಲರಿಗೂ ಸುಳ್ಳೆಂದು ಗೊತ್ತಿರುವ ಸುಳ್ಳನ್ನು ಹಿಡಿದು ಆಡಿಸುವುದೇ ಇಲ್ಲಿನ ಸುಖ, ಅದನ್ನು ಕೈಬಿಡಬೇಡಿ. ಚಿಲ್ಲರೆ ಇಲ್ಲವೆಂಬ ಹಳೆಯ ನಗೆಯನ್ನು ಮಾತ್ರ ತೆಗೆದುಹಾಕಿ. ಚಾಲಕರ ಸೀಟಿನ ಹಿಂದೆಯೇ ಹಣ ಕಳುಹಿಸುವ ಸ್ಕ್ಯಾನ್ ಚೀಟಿ ಅಂಟಿಸಿರುವ ಈ ಕಾಲದಲ್ಲಿ ಅದು ಸಪ್ಪೆ.

ಬೈಗುಳ ಸ್ನೇಹದ್ದೋ ಅಲ್ಲವೋ ಎಂಬುದು ಅದು ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ಅವಲಂಬಿಸಿದೆ. ಮೇಲಿನ ತುಣುಕಿನಲ್ಲಿ ಗಾಡಿ, ಬ್ಯಾಗು, ಕೊಳ್ಳುವ ಯೋಗ್ಯತೆ, ಚೌಕಾಸಿಯ ಚಾಳಿ ಇವಿಷ್ಟೇ ಪೆಟ್ಟು ತಿನ್ನುತ್ತವೆ. ನಿಮ್ಮ ಕರಡಿನಲ್ಲಿ ಪ್ರಯಾಣಿಕರು ಚಾಲಕರ ಹೊಟ್ಟೆಯ ಬಗ್ಗೆ ಒಂದು ಮಾತು, ಅವರು ಯಾವ ಕಡೆಯಿಂದ ಬಂದವರೆಂಬುದರ ಬಗ್ಗೆ ಇನ್ನೊಂದು ಮಾತು ಆಡುತ್ತಾರೆ. ಅವೆರಡನ್ನೂ ಹೊಡೆದುಹಾಕಿ. ಅಲ್ಲಿ ಚಾಲಕರ ಮರುಮಾತು ನಿಮಗೇ ಸರಿಯಾಗಿ ಹೊಳೆದಿಲ್ಲ ಎಂಬುದನ್ನು ಗಮನಿಸಿದಿರಾ? ಎರಡೂ ಕಡೆ ಅವರು ಸುಮ್ಮನೆ ‘ಹೋಗಿ ಸಾರ್’ ಎನ್ನುತ್ತಾರೆ. ಸ್ನೇಹದ ಬೈಗುಳವಾದರೆ ಎದುರಾಳಿ ಅದೇ ಮಾತಿನ ಒಂದು ತುದಿಯನ್ನು ಹಿಡಿದು ತಿರುಗಿಸಲು ಸಾಧ್ಯವಾಗುತ್ತದೆ, ಓಡುವ ಮಾತು ನಡೆಯುವ ಮಾತಾದಂತೆ. ನೋಯಿಸುವ ಮಾತಿನ ಎದುರು ಸಂಭಾಷಣೆ ಕುಂಟುತ್ತದೆ. ಜೊತೆಗೆ ‘ಸಾರ್’, ‘ನೀವು’, ‘ಬನ್ನಿ’ ಎಂಬ ಮರ್ಯಾದೆಯ ರೂಪಗಳು ಕೊನೆಯವರೆಗೂ ಕದಲದಿರಲಿ. ಹಂಗಿಸುವಾಗಲೂ ಬಹುವಚನ ಬಿಡದಿರುವುದರಿಂದಲೇ ಇವರಿಬ್ಬರು ಜಗಳವಾಡುತ್ತಿಲ್ಲವೆಂದು ಗೊತ್ತಾಗುತ್ತದೆ, ‘ಎಂದು ನಕ್ಕರು’ ಎಂದು ನೀವು ಅಲ್ಲಲ್ಲಿ ಸೇರಿಸಿರುವುದು ಬೇಕಾಗುವುದಿಲ್ಲ.

ಇನ್ನು ಮುಕ್ತಾಯ. ಚೌಕಾಸಿ ಬಲ್ಲ ಯಾರೂ ಮಾತಿನಲ್ಲಿಯೇ ಮುಗಿಸುವುದಿಲ್ಲ, ನಾಲ್ಕು ಹೆಜ್ಜೆ ನಡೆದು ತೋರಿಸುತ್ತಾರೆ. ನಿಮ್ಮ ಪ್ರಯಾಣಿಕರು ಆರಂಭದಲ್ಲಿಯೇ ಒಮ್ಮೆ ನಡೆದು ಹಿಂದಿರುಗಿಬಿಡುವುದರಿಂದ ಆ ಅಸ್ತ್ರ ವ್ಯರ್ಥವಾಗಿದೆ. ಅದನ್ನು ‘ನನಗೇನೂ ಅವಸರ ಇಲ್ಲ’ ಎಂಬ ಮಾತಿನ ಬೆನ್ನಿಗೇ ಇಡಿ: ಅವಸರವಿಲ್ಲದವರನ್ನು ಬಿಟ್ಟು ಅವಸರವಿರುವವರು ನಡೆದುಬಿಟ್ಟರೆ, ಕಾಯುವ ಲಾಭ ಒಂದೇ ಕ್ಷಣದಲ್ಲಿ ಕೈತಪ್ಪುತ್ತದೆ. ಪ್ರಯಾಣಿಕರು ಬ್ಯಾಗನ್ನು ಹೆಗಲಿಗೇರಿಸಿ ಮುಂದಿನ ಆಟೊ ಕಡೆ ನಡೆಯಲಿ; ಚಾಲಕರು ಗಾಡಿಯನ್ನು ಪಕ್ಕದಲ್ಲಿಯೇ ನಿಧಾನವಾಗಿ ಉರುಳಿಸಿಕೊಂಡು ಬರಲಿ. ನಡೆದರೆ ಸಾಕು ಎಂದಿದ್ದ ಮಾತು ಹೀಗೆ ಕಣ್ಣೆದುರು ನಿಜವಾಗುವುದನ್ನು ಓದುಗರೇ ಕಂಡುಕೊಳ್ಳುತ್ತಾರೆ, ನೀವು ಎತ್ತಿ ತೋರಿಸಬೇಡಿ.

“ಮೀಟರ್ ಮೇಲೆ ಇಪ್ಪತ್ತು ಕೊಡಿ, ಬನ್ನಿ ಸಾರ್.”

“ಇಪ್ಪತ್ತು ಯಾಕೆ?”

“ಹತ್ತು ಟ್ರಾಫಿಕ್ಕಿಗೆ. ಹತ್ತು ನೀವು ಬೈದಿದ್ದಕ್ಕೆ.”

“ನೀವೂ ಬೈದ್ರಲ್ಲ?”

“ಅದನ್ನ ಕಳೆದೇ ಇಪ್ಪತ್ತು ಹೇಳಿದ್ದು.”

ಇಲ್ಲಿ ನಿಲ್ಲಿಸಿ. ನೂರೈವತ್ತು, ನೂರಾಮೂವತ್ತು, ನೂರಾಹತ್ತು ಎಂದು ಚಾಲಕರು ಇಳಿದಿದ್ದಾರೆ. ಎಂಬತ್ತು, ತೊಂಬತ್ತು ಎಂದು ಪ್ರಯಾಣಿಕರು ಏರಿದ್ದಾರೆ. ಒಪ್ಪಿದರೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಮೆಜೆಸ್ಟಿಕ್ ತಲುಪಿದ ಮೇಲೆ ಇಬ್ಬರೂ ಚಹಾ ಕುಡಿದು ಕೈಕುಲುಕುವ ನಿಮ್ಮ ಕೊನೆಯ ಪುಟವನ್ನು ತೆಗೆಯಲು ನಿಮಗೆ ಮನಸ್ಸಾಗಲಿಕ್ಕಿಲ್ಲ, ಆದರೂ ತೆಗೆಯಿರಿ. ತಿದ್ದಿದ ಪ್ರತಿಯನ್ನು ಕಳುಹಿಸುವ ಮೊದಲು ಇಬ್ಬರ ಮಾತುಗಳನ್ನು ಇಬ್ಬರು ಗೆಳೆಯರಿಂದ ಗಟ್ಟಿಯಾಗಿ ಓದಿಸಿ, ಎಲ್ಲಿ ಯಾರಾದರೂ ಮುಂದಿನ ಸಾಲಿಗಾಗಿ ಹಾಳೆಯನ್ನು ಹುಡುಕುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಇಂತಿ,
ನಿಮ್ಮ ಹಿತೈಷಿ