ಮೇಲ್‌ನ್ಯಾಗ e.g. ಮತ್ತ i.e. ಅದಲುಬದಲು ಮಾಡಬ್ಯಾಡ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹೋದ ವಾರ ನಾ ಬಾಗಲಕೋಟಿ ಡೀಲರ್ ಒಬ್ಬರಿಗೆ 'ಅಡ್ರೆಸ್ ಪ್ರೂಫ್ ಕಳಸ್ರಿ, i.e. ಕರೆಂಟ್ ಬಿಲ್' ಅಂತ ಮೇಲ್ ಹಾಕಿದ್ದೆ, ಅವರದು ಬಾಡಿಗಿ ಅಂಗಡಿ, ಬಿಲ್ ಮಾಲಕರ ಹೆಸರಲೇ ಐತಿ, ಪಾಪ ಅದನ್ನ ಹುಡುಕೋದ್ರಾಗ ಮೂರು ದಿನ ಹೋತು. ಬಾಡಿಗಿ ಕರಾರು ಪತ್ರ ಕೈಯಾಗ ಇತ್ತು, ಅದೂ ನಡೀತಿತ್ತು, ಆದ್ರ ನಾ ಬರದಿದ್ದಕ್ಕ ಅವರು ಬಿಲ್ಲೇ ಬೇಕು ಅಂತ ತಿಳ್ಕೊಂಡ್ರು. ತಪ್ಪು ನಂದೇ, ಅಲ್ಲಿ e.g. ಬರೀಬೇಕಿತ್ತು.

ಎರಡೂ ಲ್ಯಾಟಿನ್ ರೀ. e.g. ಅಂದ್ರ 'ಎಕ್ಸೆಂಪ್ಲಿ ಗ್ರೇಷಿಯಾ', ಉದಾಹರಣೆಗೆ ಅಂತ, ಹೇಳಿದ್ದು ಒಂದೋ ಎರಡೋ, ಬ್ಯಾರೇನೂ ಇರಬಹುದು. i.e. ಅಂದ್ರ 'ಇಡ್ ಎಸ್ಟ್', 'ಅಂದ್ರ' ಅಂತೀವಲ್ಲ ಅದ, ಅಲ್ಲಿಗೆ ಬಾಗಲಾ ಹಾಕಿದಂಗ, ಬ್ಯಾರೇದಕ್ಕ ಜಾಗಾ ಇಲ್ಲ. 'ಕೊನೇ ದಿನ, i.e. ಶುಕ್ರವಾರ' ಅನ್ನೋದು ಸರಿ, ಕೊನೇ ದಿನ ಇರೋದ ಒಂದು.

ಕಳಿಸೋಕಿಂತ ಮೊದಲು ಆ ಜಾಗಾದಾಗ 'ಉದಾಹರಣೆಗೆ' ಇಟ್ಟು ಓದ್ರಿ, ಆಮ್ಯಾಲ 'ಅಂದ್ರ' ಇಟ್ಟು ಓದ್ರಿ, ಯಾವುದು ನಿಮ್ಮ ಮನಸಿನ್ಯಾಗಿನ ಅರ್ಥ ಕೊಡತೈತಿ ಅದನ್ನ ಹಾಕ್ರಿ. e.g. ಹಾಕಿದ ಮ್ಯಾಲ ಕೊನೀಗೆ 'ಇತ್ಯಾದಿ' ಬ್ಯಾಡ, ಅದ ಮಾತು ಎರಡು ಸಲ ಆಗತೈತಿ. ಡೀಲರ್‌ಗೆ ಬರಿಯೋವಾಗಂತೂ ನಾ ಈಗ 'ಇವುಗಳಲ್ಲಿ ಯಾವುದಾದರೂ ಒಂದು' ಅಂತ ಪೂರ್ತಿನ ಬರೀತೀನ್ರಿ.