ತಂಗಿಯನ್ನು ವೇದಿಕೆಯ ಮೇಲೆ ಪರಿಚಯಿಸುವ ಮುನ್ನ

ಪ್ರೀತಿಯ ಗೆಳೆಯಾ,

ನಿನ್ನ ಕರಡು ಓದಿದೆ. ಎರಡು ಸಲ ಓದಿದೆ. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಲು ನಿನ್ನ ತಂಗಿಯನ್ನೇ ಕರೆದಿದ್ದಾರೆ, ಅತಿಥಿ ಪರಿಚಯ ನಿನ್ನ ಪಾಲಿಗೆ ಬಂದಿದೆ. ನಿನಗೆ ಎಷ್ಟು ಖುಷಿಯಾಗಿದೆ ಅನ್ನುವುದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಆದರೆ ನಾಲ್ಕು ಪುಟ ಬರೆದಿದ್ದೀಯ. ಅದರಲ್ಲಿ ಎರಡೂವರೆ ಪುಟ ಅವಳು ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡದ್ದು, ಅಪ್ಪ ಅವಳ ಫೀಸಿಗೆ ಹಸು ಮಾರಿದ್ದು, ನೀನು ಬಸ್ ಸ್ಟ್ಯಾಂಡಿಗೆ ಬಿಡಲು ಹೋಗಿ ಅತ್ತದ್ದು.

ಓದುವಾಗ ನನ್ನ ಕಣ್ಣೂ ಒದ್ದೆಯಾಯಿತು. ಆದರೂ ಅದನ್ನೆಲ್ಲ ತೆಗೆಯಬೇಕು. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮೂರಿನ ಆರೋಗ್ಯ ಶಿಬಿರದಲ್ಲಿ ನಾನು ನನ್ನ ಭಾವನನ್ನು ಪರಿಚಯಿಸಿದ್ದೆ. ಅವರು ಡಾಕ್ಟರ್. ಎರಡು ನಿಮಿಷ ಅಂದವನು ಎಂಟು ನಿಮಿಷ ಮಾತಾಡಿದೆ. ಮದುವೆ ಮನೆಯ ಒಂದು ಪ್ರಸಂಗ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ನೆಂಟರು ನಕ್ಕರು. ಹಿಂದಿನ ಬೆಂಚುಗಳಲ್ಲಿ ಒಬ್ಬರೂ ನಗಲಿಲ್ಲ. ಭಾವ ಮೈಕ್ ಹಿಡಿದವರೇ ಆ ಪ್ರಸಂಗಕ್ಕೆ ಸಮಜಾಯಿಷಿ ಕೊಡಬೇಕಾಯಿತು. ಸಕ್ಕರೆ ಕಾಯಿಲೆಯ ವಿಷಯಕ್ಕೆ ಬರುವಷ್ಟರಲ್ಲಿ ಜನ ಪಕ್ಕದವರ ಜೊತೆ ಮಾತಿಗೆ ಕೂತಿದ್ದರು. ಅವರನ್ನು ನಾನೇ ಮನೆಯವನನ್ನಾಗಿ ಮಾಡಿ ಕೂರಿಸಿಬಿಟ್ಟಿದ್ದೆ. ಡಾಕ್ಟರ್ ಆಗಿ ಮತ್ತೆ ಎದ್ದು ನಿಲ್ಲುವ ಕಷ್ಟ ಅವರ ಪಾಲಿಗೆ ಬಂತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಗು ಮುಂದಿನ ಸಾಲಿನಿಂದ ಮಾತ್ರ ಬಂದರೆ ದಾರಿ ತಪ್ಪಿದೆ ಅಂತ ಅರ್ಥ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಕರಡಿನಲ್ಲೇ ಹಿಡಿಯುವುದು ಸುಲಭ. "ಚಿಕ್ಕವಳಿದ್ದಾಗ", "ನನಗೆ ಇನ್ನೂ ನೆನಪಿದೆ", "ನಮ್ಮ ಮನೆಯಲ್ಲಿ" ಅಂತ ಶುರುವಾಗುವ ಸಾಲುಗಳನ್ನು ಹುಡುಕು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಇಡು: ಇವಳನ್ನು ಹಿಂದೆಂದೂ ನೋಡದ ಸಂಘದ ಕಾರ್ಯದರ್ಶಿ ಈ ಸಾಲನ್ನು ಹೇಳಬಹುದಿತ್ತಾ? ಆಗದಿದ್ದರೆ ತೆಗೆದುಬಿಡು. ಆ ಪ್ರಶ್ನೆ ಹಿಡಿದು ನೋಡಿದರೆ ಹಾಳೆ, ಹಸು, ಬಸ್ ಸ್ಟ್ಯಾಂಡ್ ಮೂರೂ ಹೋಗುತ್ತವೆ. "ಅದ್ಭುತ ಪ್ರತಿಭೆ", "ಹೆಸರಾಂತ ವಿಜ್ಞಾನಿ" ಕೂಡ ಹೋಗಬೇಕು. ಬೇರೆಯವರು ಹೇಳಿದರೆ ಅದು ಹೊಗಳಿಕೆ, ಅಣ್ಣ ಹೇಳಿದರೆ ಪಕ್ಷಪಾತ. ಅವಳು ಮಾಡಿದ ಕೆಲಸವನ್ನು ಹೇಳು. ಹೊಗಳಬೇಕು ಅನ್ನಿಸಿದರೆ ಜನರೇ ಹೊಗಳುತ್ತಾರೆ.

ಹಾಗಂತ ಸಂಬಂಧವನ್ನು ಮುಚ್ಚಿಡಬೇಡ. ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತು, ಉಳಿದರ್ಧಕ್ಕೆ ಪಕ್ಕದವರು ಹೇಳುತ್ತಾರೆ. ಒಂದೇ ವಾಕ್ಯದಲ್ಲಿ ನೀನೇ ಹೇಳಿಬಿಡು. ಎಲ್ಲಿ ಹೇಳುತ್ತೀಯ ಅನ್ನುವುದು ಮುಖ್ಯ. ನೀನು ಕೊನೆಯಲ್ಲಿ, "ಅಂದ ಹಾಗೆ ಇವಳು ನನ್ನ ತಂಗಿ" ಅಂತ ಇಟ್ಟಿದ್ದೀಯ. ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ಜನ ಆಗ ಮತ್ತೆ ಅಳೆಯುತ್ತಾರೆ. ಅವಳ ಕೆಲಸದ ಮಾತು ಬರುವ ಮೊದಲೇ ಹೇಳಿದರೆ, ಮುಂದಿನದನ್ನು ಗೊತ್ತಿದ್ದೇ ಕೇಳುತ್ತಾರೆ. ಇನ್ನೊಂದು ವಿಷಯ. ಅವಳನ್ನು ಕರೆಯುವ ತೀರ್ಮಾನದಲ್ಲಿ ನೀನಿರಲಿಲ್ಲ ಅಂದೆಯಲ್ಲ, ಅದನ್ನೂ ಸೇರಿಸು. ನೀನಿದ್ದಿದ್ದರೆ, ಪರಿಚಯ ಬೇರೆಯವರಿಗೆ ಬಿಡು ಅನ್ನುತ್ತಿದ್ದೆ.

ಈಗ ಅತಿ ಕಷ್ಟದ್ದು, 'ಅವಳು' ಮತ್ತು 'ಅವರು'. ಮನೆಯಲ್ಲಿ "ಬಾರೇ, ಹೋಗೇ" ಅನ್ನುವವನು ವೇದಿಕೆಯಲ್ಲಿ "ಅವರು ಬಂದಿದ್ದಾರೆ" ಅನ್ನಬೇಕು. ಮುಜುಗರ ಆಗುತ್ತದೆ, ಗೊತ್ತು. ಆದರೆ ನಿನ್ನ ಕರಡಿನಲ್ಲಿ ಮೊದಲ ಪುಟದಲ್ಲಿ "ಓದಿದರು", ಎರಡನೆಯದರಲ್ಲಿ "ಸೇರಿದಳು", ಮೂರನೆಯದರಲ್ಲಿ ಮತ್ತೆ "ಪಡೆದರು". ಕೇಳುವವರಿಗೆ ಆ ಜಾರುವಿಕೆ ತಟ್ಟನೆ ಗೊತ್ತಾಗುತ್ತದೆ. ನೀನು "ಅವಳು" ಅಂದರೆ ಪ್ರಶ್ನೆ ಕೇಳುವ ಹಿರಿಯರೂ "ನೀನು ಹೇಳಮ್ಮ" ಅಂತಲೇ ಶುರು ಮಾಡುತ್ತಾರೆ. ಆಮೇಲೆ ಅವಳ ಸಲಹೆ ಮನೆ ಹುಡುಗಿಯ ಮಾತಾಗುತ್ತದೆ. ಮೊದಲಿಂದ ಕೊನೆವರೆಗೂ "ಅವರು" ಇರಲಿ. ಪೂರ್ತಿ ಹೆಸರು ಹೇಳು, ಮನೆಯ ಹೆಸರು ಬೇಡ. ಗಟ್ಟಿಯಾಗಿ ಓದಿ ಅಭ್ಯಾಸ ಮಾಡು, ಏಕೆಂದರೆ ಬರೆದದ್ದು ಸರಿ ಇದ್ದರೂ ಬಾಯಿ ಹಳೆಯ ರೂಢಿಗೆ ಹೋಗುತ್ತದೆ.

ಇದಕ್ಕೆ ಹೆದರಿ ಕೆಲವರು ಇನ್ನೊಂದು ಕಡೆ ಹೋಗುತ್ತಾರೆ. ತಮ್ಮವರು ಅಂತ ಕಡಿಮೆ ಹೇಳುತ್ತಾರೆ, "ಏನೋ ಸ್ವಲ್ಪ ತಿಳಿದುಕೊಂಡಿದ್ದಾರೆ" ಅನ್ನುತ್ತಾರೆ. ಅದೂ ಅನ್ಯಾಯ. ಅವತ್ತು ಬ್ಯಾಂಕಿನ ಅತಿಥಿಯೂ ಇದ್ದಾರೆ ಅಲ್ವಾ? ಇಬ್ಬರಿಗೂ ಸರಿಸುಮಾರು ಅಷ್ಟೇ ಸಾಲು ಕೊಡು.

ಕರಡು ಮುಗಿಸುವ ಮೊದಲು ಅವಳಿಗೊಂದು ಫೋನ್ ಮಾಡು. ಮಾತು ಹೇಗೆ ಶುರು ಮಾಡುತ್ತಾಳೆ ಅಂತ ಕೇಳು. ನೀನು ಪರಿಚಯದಲ್ಲೇ, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಕತ್ತಿ ಪರೀಕ್ಷೆಯನ್ನು ವಿವರಿಸಿದ್ದೀಯ. ಕಬ್ಬಿಣದ ಕತ್ತಿ ಅದ್ದಿ ನೋಡುವುದು, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಅವಳು ಅದನ್ನು ವೇದಿಕೆಯ ಮೇಲೆ ಮಾಡಿ ತೋರಿಸುವ ಯೋಚನೆಯಲ್ಲಿದ್ದರೆ? ಅವಳ ಮಾತಿನ ಜೀವವನ್ನೇ ನೀನು ಮೊದಲೇ ತೆಗೆದುಕೊಂಡ ಹಾಗಾಗುತ್ತದೆ. ಹುದ್ದೆಯ ಹೆಸರನ್ನೂ ಅವಳ ಬಾಯಿಂದಲೇ ಕೇಳಿ ಬರೆದುಕೋ.

ನಿನ್ನ ಕರಡಿನಲ್ಲಿದ್ದ ವಿವರಗಳನ್ನೇ ಇಟ್ಟುಕೊಂಡು ನಾನು ಹೀಗೆ ಬರೆದು ನೋಡಿದೆ:

"ಮಳೆ ಹಿಡಿದರೆ ನಮ್ಮೆಲ್ಲರ ಕಣ್ಣು ಅಡಿಕೆ ಗೊನೆಯ ಮೇಲೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ್ದು 1910ರಲ್ಲಿ. ಇವತ್ತಿಗೂ ನಾವು ನಂಬಿರುವುದು ಮೈಲುತುತ್ತ ಮತ್ತು ಸುಣ್ಣವನ್ನೇ. 100 ಲೀಟರ್ ನೀರಿಗೆ ಒಂದೊಂದು ಕಿಲೋ ಅನ್ನುವ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೂ ಔಷಧಿ ಹೊಡೆದ ತೋಟದಲ್ಲೇ ಕೊಳೆ ಬರುತ್ತದೆ. ಯಾಕೆ ಅನ್ನುವುದೇ ಇವತ್ತಿನ ಮಾತು. ಮಾತಾಡುವವರು ನನ್ನ ತಂಗಿ. ಅವರನ್ನು ಕರೆದದ್ದು ಸಂಘದ ಸಮಿತಿ, ಆ ಸಮಿತಿಯಲ್ಲಿ ನಾನಿಲ್ಲ. ಅವರು ಸಸ್ಯರೋಗಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ್ದಾರೆ. ಕಳೆದ ಮೂರು ಮಳೆಗಾಲ ನಮ್ಮ ತಾಲ್ಲೂಕಿನ ತೋಟಗಳಿಗೆ ಹೋಗಿ, ರೈತರು ಕಲಸಿಟ್ಟ ದ್ರಾವಣವನ್ನೇ ತೆಗೆದುಕೊಂಡು ಪರೀಕ್ಷಿಸಿದ್ದಾರೆ. ಮಾತಿನ ನಂತರ ಪ್ರಶ್ನೆಗೆ ಸಮಯವಿದೆ. ಒಪ್ಪದಿದ್ದದ್ದನ್ನೂ ಕೇಳಿ."

ಆಮೇಲೆ ಹೆಸರು. ಪೂರ್ತಿ ಹೆಸರು, ಗಟ್ಟಿಯಾಗಿ, ಎಲ್ಲಕ್ಕಿಂತ ಕೊನೆಗೆ. ಚಪ್ಪಾಳೆ ಬೀಳುವುದು ಅಲ್ಲೇ. ಅದಾದ ಮೇಲೆ ಇನ್ನೊಂದು ಮಾತೂ ಬೇಡ.

ನಿಧಾನವಾಗಿ ಓದಿದರೂ ಇದು ಎರಡು ನಿಮಿಷ ದಾಟುವುದಿಲ್ಲ. ಹಳೆಯ ಪ್ರಸಂಗ ಒಂದಾದರೂ ಬೇಕೇ ಬೇಕು ಅನ್ನಿಸಿದರೆ, ಅದು ಕೊಳೆರೋಗಕ್ಕೆ ಸಂಬಂಧಪಟ್ಟಿರಬೇಕು, ಅವಳೂ ಒಪ್ಪಿರಬೇಕು. ಸುಮ್ನೆ ಪ್ರೀತಿಗೆ ಅಂತ ಬೇಡ.

ಆ ಎರಡೂವರೆ ಪುಟವನ್ನು ಹರಿದು ಹಾಕಬೇಡ. ಹಸು ಮಾರಿದ ದಿನದ ಸಾಲುಗಳಂತೂ ತುಂಬಾ ಚೆನ್ನಾಗಿವೆ. ಸಭೆ ಮುಗಿದು ಮನೆಗೆ ಬಂದ ಮೇಲೆ ಅವಳ ಕೈಗೆ ಕೊಡು. ಶನಿವಾರ ರಾತ್ರಿ ಫೋನ್ ಮಾಡು, ಹೊಸ ಕರಡನ್ನು ಓದಿ ತೋರಿಸು. ಎಲ್ಲಿ "ಅವಳು" ಅನ್ನುತ್ತೀಯ ಅಂತ ನಾನು ಎಣಿಸುತ್ತಿರುತ್ತೇನೆ.

ನಿನ್ನ ಗೆಳೆಯ